ಗಡುವು ಮೀರಿದ ಬಿಲ್‌ಗಾಗಿ ಏಜೆನ್ಸಿಗೆ ಬರೆಯುವ ಇಮೇಲ್: ಅನುವಾದಕರಿಗೆ ಸಮಗ್ರ ಮಾರ್ಗದರ್ಶಿ

ಕಳಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ಪರಿಚಯದ ಅನುವಾದಕರು ನನಗೆ ತೋರಿಸುವ ಜ್ಞಾಪನೆ ಪತ್ರಗಳಲ್ಲಿ ಎರಡು ಜಾತಿ. ಒಂದರಲ್ಲಿ ಕ್ಷಮೆಯೇ ನಾಲ್ಕು ಸಾಲು ಇರುತ್ತದೆ, ಬಿಲ್ ಸಂಖ್ಯೆ ಇರುವುದಿಲ್ಲ. ಇನ್ನೊಂದರಲ್ಲಿ ಸಿಟ್ಟು ನಾಲ್ಕು ಸಾಲು ಇರುತ್ತದೆ, ಅದರಲ್ಲೂ ಬಿಲ್ ಸಂಖ್ಯೆ ಇರುವುದಿಲ್ಲ. ಎರಡಕ್ಕೂ ಬರುವ ಉತ್ತರ ಒಂದೇ: "ಪರಿಶೀಲಿಸಿ ತಿಳಿಸುತ್ತೇವೆ." ಆಮೇಲೆ ಮೂರು ವಾರ ಮೌನ.

ಪತ್ರ ಓದುವವರು ಲೆಕ್ಕ ವಿಭಾಗದ ನೌಕರರು. ನಿಮ್ಮ ಬಿಲ್ಲನ್ನು ಒಂದು ನಿಮಿಷದಲ್ಲಿ ಹುಡುಕಿ ತೆಗೆದು, ಒಂದು ದಿನಾಂಕವನ್ನು ಉತ್ತರವಾಗಿ ಬರೆಯಲು ಅವರಿಗೆ ಸಾಧ್ಯವಾದರೆ ಪತ್ರ ತನ್ನ ಕೆಲಸ ಮಾಡಿದ ಹಾಗೆ. ಅದಕ್ಕೆ ಬೇಕಾದ ತಯಾರಿಯೇ ಹೆಚ್ಚು, ಬರವಣಿಗೆ ಕಡಿಮೆ.

ವಿವರಣೆಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಏಜೆನ್ಸಿಗೆ ನೀವು ಬಟ್ಟೆ ಒಗೆಯುವ ಯಂತ್ರದ ಬಳಕೆದಾರರ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೀರಿ. 14,000 ಪದ, ಪದಕ್ಕೆ 2 ರೂಪಾಯಿ, ಒಟ್ಟು 28,000 ರೂಪಾಯಿ. ಕೆಲಸ ಒಪ್ಪಿಸಿದ್ದು ಜೂನ್ 3ರಂದು, ಬಿಲ್ ಕಳಿಸಿದ್ದು ಜೂನ್ 5ರಂದು. ನಿಮ್ಮ ಬಿಲ್ ಸಂಖ್ಯೆ 14, ಅವರ ಕೆಲಸದ ಆದೇಶದ, ಅಂದರೆ ಪಿಒ ಸಂಖ್ಯೆ 4471.

## ಬೇಕಾಗುವ ಸಾಮಗ್ರಿ

ಬಿಲ್‌ನ ಪಿಡಿಎಫ್, ಪಿಒ ಬಂದ ಇಮೇಲ್, ಕೆಲಸ ಒಪ್ಪಿಸಿದ ಇಮೇಲ್, ಏಜೆನ್ಸಿಯೊಂದಿಗೆ ಮಾಡಿಕೊಂಡ ಒಪ್ಪಂದ, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಏಜೆನ್ಸಿಯ ವೆಂಡರ್ ಪೋರ್ಟಲ್ ಇದ್ದರೆ ಅದರ ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ. ಇವನ್ನೆಲ್ಲ ತೆರೆದಿಟ್ಟುಕೊಂಡ ಮೇಲೆಯೇ ಮುಂದಿನ ಹಂತಕ್ಕೆ ಹೋಗಿ.

## ಹಂತ 1: ಹಣ ನಿಜವಾಗಿಯೂ ಬಂದಿಲ್ಲವೇ ನೋಡಿ

ಸ್ಟೇಟ್‌ಮೆಂಟಿನಲ್ಲಿ 28,000 ಎಂದು ಹುಡುಕಬೇಡಿ. ಏಜೆನ್ಸಿ ಶೇ 10ರಷ್ಟು ಟಿಡಿಎಸ್ ಕಡಿತ ಮಾಡಿದ್ದರೆ ಬರುವುದು 25,200. ಹಿಂದಿನ ಬಿಲ್‌ನೊಂದಿಗೆ ಸೇರಿಸಿ ಒಟ್ಟಿಗೆ ಹಾಕಿದ್ದರೆ ಎರಡೂ ಅಲ್ಲದ ಮೂರನೆಯ ಅಂಕಿಯೇ ಕಾಣಿಸುತ್ತದೆ. ಜಮಾ ಆದ ಹೆಸರೂ ಏಜೆನ್ಸಿಯ ಹೆಸರೇ ಆಗಿರಬೇಕೆಂದಿಲ್ಲ. ಮಾತೃಸಂಸ್ಥೆಯ ಖಾತೆಯಿಂದ ಬಂದಿರಬಹುದು.

ನಾನು ಒಮ್ಮೆ ಈ ಹಂತವನ್ನು ಹಾರಿ, ಹನ್ನೊಂದು ದಿನಗಳ ಹಿಂದೆಯೇ ಖಾತೆಗೆ ಬಂದಿದ್ದ ಹಣಕ್ಕೆ ಜ್ಞಾಪನೆ ಬರೆದಿದ್ದೆ. ಎರಡು ಬಿಲ್‌ಗಳ ಮೊತ್ತ, ಟಿಡಿಎಸ್ ಕಳೆದು, ಒಂದೇ ಜಮೆಯಾಗಿ ಬಂದಿತ್ತು. ಅವರು ಬ್ಯಾಂಕ್ ಪಾವತಿಯ ಗುರುತಾದ ಯುಟಿಆರ್ ಸಂಖ್ಯೆಯನ್ನಷ್ಟೇ ಬರೆದು ಉತ್ತರಿಸಿದರು, ಒಂದು ಪದ ಹೆಚ್ಚಿಲ್ಲ. ಮುಂದಿನ ಸಲ ನಿಜವಾಗಿಯೂ ತಡವಾದಾಗ ಬರೆಯಲು ನನಗೆ ಕೈ ಬರಲಿಲ್ಲ.

## ಹಂತ 2: ಗಡುವನ್ನು ಅವರ ಲೆಕ್ಕದಲ್ಲಿ ಎಣಿಸಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಒಪ್ಪಂದದಲ್ಲಿ "30 ದಿನ" ಎಂದು ಓದಿದ ಅನುವಾದಕರು ಬಿಲ್ ಕಳಿಸಿದ ಜೂನ್ 5ರಿಂದ ಎಣಿಸಿ ಜುಲೈ 5 ಎನ್ನುತ್ತಾರೆ. ಆದರೆ ಅನೇಕ ಏಜೆನ್ಸಿಗಳ ಒಪ್ಪಂದದಲ್ಲಿ ಅದೇ ಸಾಲಿನ ಕೊನೆಯಲ್ಲಿ "ತಿಂಗಳ ಅಂತ್ಯದಿಂದ" ಎಂಬ ಬಾಲ ಇರುತ್ತದೆ. ಜೂನ್‌ನಲ್ಲಿ ಬಂದ ಬಿಲ್‌ಗಳೆಲ್ಲ ಜೂನ್ 30ಕ್ಕೆ ಒಟ್ಟಾಗುತ್ತವೆ, ಅಲ್ಲಿಂದ 30 ದಿನ, ಅಂದರೆ ಜುಲೈ 30. ಜುಲೈ 6ರಂದು ನೀವು ಬರೆದ ಪತ್ರಕ್ಕೆ "ಇನ್ನೂ ಗಡುವು ಬಂದಿಲ್ಲ" ಎಂಬ ಉತ್ತರ ಬರುತ್ತದೆ. ಅದು ಸರಿಯಾದ ಉತ್ತರವೂ ಹೌದು. ಒಂದು ಪತ್ರ ವ್ಯರ್ಥವಾಯಿತು, ಜೊತೆಗೆ ಒಪ್ಪಂದ ಓದದವರು ಎಂಬ ಹೆಸರೂ ಬಂತು.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕವನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ. ನೀವು ಸಣ್ಣಪುಟ್ಟ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪಡೆದ ಕಿರು ಉದ್ಯಮಿಯಾಗಿದ್ದರೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಹೇಳಲಿ, ಕೆಲಸ ಸ್ವೀಕಾರವಾದ ದಿನದಿಂದ 45 ದಿನ ಮೀರುವಂತಿಲ್ಲ. ಗಡುವಿನ ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ನಮ್ಮ ಉದಾಹರಣೆಯಲ್ಲಿ ಜೂನ್ 3ಕ್ಕೆ 45 ದಿನ ಸೇರಿಸಿದರೆ ಜುಲೈ 18. ಏಜೆನ್ಸಿಯ ಜುಲೈ 30 ಕಾನೂನಿನ ಮಿತಿಯನ್ನು ದಾಟಿದೆ. ಆದರೂ ಮೊದಲ ಪತ್ರದಲ್ಲಿ ಜುಲೈ 30ನ್ನೇ ಗಡುವೆಂದು ಬರೆಯಿರಿ. ಅವರೇ ಒಪ್ಪಿ ಸಹಿ ಹಾಕಿದ ದಿನಾಂಕದ ಬಗ್ಗೆ ಯಾರೂ ವಾದಿಸಲಾರರು.

## ಹಂತ 3: ಬಿಲ್ ನಿಮ್ಮ ತಪ್ಪಿನಿಂದಲೇ ನಿಂತಿದೆಯೇ ನೋಡಿ

ಪಿಒ ಸಂಖ್ಯೆ ಬಿಲ್‌ನ ಮೇಲೆ ಇದೆಯೇ? ಬಿಲ್‌ನಲ್ಲಿರುವ ಸಂಸ್ಥೆಯ ಹೆಸರು ಪಿಒದಲ್ಲಿರುವ ಹೆಸರೇ ಆಗಿದೆಯೇ? ಮೊತ್ತ ಪಿಒದ ಮೊತ್ತಕ್ಕೆ ರೂಪಾಯಿಗೂ ಸರಿಯಾಗಿ ಹೊಂದುತ್ತದೆಯೇ? ಪುನರಾವರ್ತನೆಯಾದ ವಾಕ್ಯಗಳಿಗೆ ಏಜೆನ್ಸಿ ಕಡಿಮೆ ದರ ಕೊಡುತ್ತದೆ. ಆ ಕಡಿತವನ್ನು ಮರೆತು ಪೂರ್ತಿ ಪದಗಳಿಗೆ ಬಿಲ್ ಹಾಕಿದರೆ ಮೊತ್ತ ಹೊಂದುವುದಿಲ್ಲ, ಬಿಲ್ ಯಾರಿಗೂ ಹೇಳದೆ ಪಕ್ಕಕ್ಕೆ ಕೂರುತ್ತದೆ. ಪೋರ್ಟಲ್ ಇರುವ ಏಜೆನ್ಸಿಗೆ ಇಮೇಲ್‌ನಲ್ಲಿ ಮಾತ್ರ ಬಿಲ್ ಕಳಿಸಿದ್ದರೆ ಅವರ ಲೆಕ್ಕದಲ್ಲಿ ಅದು ಹುಟ್ಟಿಯೇ ಇಲ್ಲ. ಪೋರ್ಟಲ್‌ಗೆ ಹೋಗಿ ಸ್ಥಿತಿ ನೋಡಿ. ಸಲ್ಲಿಕೆಯಾಗಿದೆ ಎಂದಿದ್ದು ಅನುಮೋದನೆ ಆಗಿಲ್ಲದಿದ್ದರೆ ಪ್ರಾಜೆಕ್ಟ್ ಮ್ಯಾನೇಜರ್ ಒಂದು ಗುಂಡಿ ಒತ್ತುವುದು ಬಾಕಿ ಇದೆ ಎಂದರ್ಥ.

ಬ್ಯಾಂಕ್ ವಿವರವನ್ನೂ ನೋಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. `SYNB` ಎಂದು ಶುರುವಾಗುವ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈಯಿಂದ ನಡೆಯುವುದಿಲ್ಲ, `CNRB` ಎಂದು ಶುರುವಾಗುವ ಹೊಸ ಕೋಡ್ ಬೇಕು. ವರ್ಷಗಳ ಹಿಂದೆ ಮಾಡಿಟ್ಟ ಬಿಲ್ ನಮೂನೆಯನ್ನೇ ನಕಲು ಮಾಡುತ್ತ ಬಂದವರ ಬಿಲ್‌ಗಳಲ್ಲಿ ಹಳೆಯ ಕೋಡ್ ಇಂದಿಗೂ ಉಳಿದಿರುವುದುಂಟು.

ಕೋಡ್ ತಪ್ಪಿದ್ದರೆ ಅದನ್ನು ಜ್ಞಾಪನೆ ಪತ್ರದೊಳಗೆ ತಿದ್ದಬೇಡಿ. "ಹಣ ಬಂದಿಲ್ಲ, ಈ ಹೊಸ ವಿವರಕ್ಕೆ ಹಾಕಿ" ಎಂಬ ಇಮೇಲ್ ವಂಚಕರು ಬರೆಯುವ ಇಮೇಲ್‌ನ ತದ್ರೂಪು. ಎಚ್ಚರವಾಗಿರುವ ಲೆಕ್ಕ ವಿಭಾಗ ಅದನ್ನು ಕಂಡ ಕೂಡಲೇ ಪಾವತಿಯನ್ನು ತಡೆಹಿಡಿಯುತ್ತದೆ. ಮೊದಲು ಫೋನ್ ಮಾಡಿ ತಿಳಿಸಿ, ರದ್ದು ಮಾಡಿದ ಚೆಕ್ಕಿನ ಪ್ರತಿಯೊಂದಿಗೆ ಪ್ರತ್ಯೇಕ ಇಮೇಲ್ ಕಳಿಸಿ.

## ಹಂತ 4: ಯಾರಿಗೆ, ಯಾವ ದಿನ

ಪಿಒದ ಕೆಳಗೆ ಸಾಮಾನ್ಯವಾಗಿ ಲೆಕ್ಕ ವಿಭಾಗದ ವಿಳಾಸ ಇರುತ್ತದೆ. ಪತ್ರ ಅವರಿಗೆ, ಪ್ರತಿ ಪ್ರಾಜೆಕ್ಟ್ ಮ್ಯಾನೇಜರ್‌ಗೆ. ಮ್ಯಾನೇಜರ್ ನಿಮಗೆ ಪರಿಚಯದವರು, ಕೆಲಸ ಕೊಡುವವರು, ಆದರೆ ಹಣ ಹಾಕುವವರಲ್ಲ. ಅವರೊಬ್ಬರಿಗೇ ಬರೆದರೆ ಪತ್ರ ಅವರು ಮುಂದೆ ಕಳಿಸುವವರೆಗೆ ಅಲ್ಲೇ ನಿಂತಿರುತ್ತದೆ. ಮೊದಲ ಪತ್ರವನ್ನು ಸಂಸ್ಥೆಯ ಮಾಲೀಕರಿಗೆ ಕಳಿಸುವುದಂತೂ ಬೇಡ. ಏರಲು ಮೆಟ್ಟಿಲು ಉಳಿದಿರಬೇಕು.

ಹೊಸ ಇಮೇಲ್ ತೆರೆಯುವ ಬದಲು ಜೂನ್ 5ರಂದು ಬಿಲ್ ಕಳಿಸಿದ ಇಮೇಲ್‌ನ ಮುಂದುವರಿಕೆಯಾಗಿಯೇ ಬರೆಯಿರಿ. ಕೆಳಗೆ ಹಳೆಯ ಪತ್ರ ದಿನಾಂಕ ಸಹಿತ ಕಾಣುತ್ತಿರುತ್ತದೆ, "ಬಿಲ್ ನಮಗೆ ಬಂದೇ ಇಲ್ಲ" ಎಂಬ ಮಾತಿಗೆ ಜಾಗ ಉಳಿಯುವುದಿಲ್ಲ. ಹೀಗೆ ಬರೆಯುವಾಗ ಹಳೆಯ ಅಡಕ ತಾನಾಗಿ ಜೊತೆಗೆ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಬಿಲ್‌ನ ಪಿಡಿಎಫ್ ಅನ್ನು ಮತ್ತೆ ಸೇರಿಸಿ.

ದಿನದ ಆಯ್ಕೆ ಇನ್ನೂ ಮುಖ್ಯ. ಏಜೆನ್ಸಿಗಳು ದಿನಕ್ಕೊಂದು ಬಿಲ್ ಪಾವತಿಸುವುದಿಲ್ಲ. ತಿಂಗಳಲ್ಲಿ ಒಂದು ಅಥವಾ ಎರಡು ನಿಗದಿತ ದಿನ ಎಲ್ಲರಿಗೂ ಒಟ್ಟಿಗೆ ಹಾಕುತ್ತವೆ. ನಮ್ಮ ಏಜೆನ್ಸಿ 10ರಂದು ಮತ್ತು 25ರಂದು ಹಾಕುತ್ತದೆ ಎಂದುಕೊಳ್ಳಿ. ಆಗಸ್ಟ್ 11ರಂದು ಬರೆದ ಪತ್ರ ಎಷ್ಟೇ ಚೆನ್ನಾಗಿದ್ದರೂ ಎರಡು ವಾರ ಕಾಯಿಸುತ್ತದೆ. ಆಗಸ್ಟ್ 6ರಂದು ಬರೆದರೆ ಪಟ್ಟಿ ಮುಚ್ಚುವ ಮೊದಲು ನಿಮ್ಮ ಬಿಲ್ ಸೇರಿಸಲು ಅವರಿಗೆ ಸಮಯವಿರುತ್ತದೆ. ಅವರ ದಿನಗಳು ಗೊತ್ತಿಲ್ಲದಿದ್ದರೆ ಹಿಂದಿನ ಜಮೆಗಳ ದಿನಾಂಕಗಳನ್ನು ಸ್ಟೇಟ್‌ಮೆಂಟಿನಲ್ಲಿ ನೋಡಿ, ಮೂರು ನಾಲ್ಕು ಜಮೆಗಳಲ್ಲೇ ಲಯ ತಿಳಿಯುತ್ತದೆ.

## ಹಂತ 5: ಪತ್ರ

ವಿಷಯದ ಸಾಲಿನಲ್ಲಿ ಭಾವನೆ ಬೇಡ, ಹುಡುಕುವ ಪದಗಳು ಬೇಕು. "ತುರ್ತು", "ದಯವಿಟ್ಟು ಗಮನಿಸಿ" ಎಂಬ ಸಾಲುಗಳನ್ನು ಲೆಕ್ಕ ವಿಭಾಗ ದಿನಕ್ಕೆ ಹತ್ತಾರು ನೋಡುತ್ತದೆ. ಮಾದರಿ ಹೀಗಿದೆ:

> ವಿಷಯ: ಬಿಲ್ 14, ಪಿಒ 4471, ರೂ. 28,000: ಗಡುವು ಜುಲೈ 30
>
> ನಮಸ್ಕಾರ,
>
> ಪಿಒ 4471ರ ಕೆಲಸಕ್ಕೆ (ಬಟ್ಟೆ ಒಗೆಯುವ ಯಂತ್ರದ ಕೈಪಿಡಿ, 14,000 ಪದ, ಜೂನ್ 3ರಂದು ಒಪ್ಪಿಸಿದ್ದು) ಜೂನ್ 5ರಂದು ಕಳಿಸಿದ ಬಿಲ್ 14ರ ಹಣ ಇಂದಿನವರೆಗೆ ನನ್ನ ಖಾತೆಗೆ ಬಂದಿಲ್ಲ. ಮೊತ್ತ ರೂ. 28,000, ಟಿಡಿಎಸ್ ಕಳೆದು ರೂ. 25,200. ಒಪ್ಪಂದದಂತೆ ಗಡುವು ಜುಲೈ 30 ಆಗಿತ್ತು.
>
> ಈ ಬಿಲ್ ಆಗಸ್ಟ್ 10ರ ಪಾವತಿಯಲ್ಲಿ ಸೇರಿದೆಯೇ ಎಂದು ತಿಳಿಸುವಿರಾ? ಬಿಲ್‌ನಲ್ಲಿ ಏನಾದರೂ ತಿದ್ದುಪಡಿ ಬೇಕಿದ್ದರೆ ಹೇಳಿ, ಇಂದೇ ಸರಿಪಡಿಸಿ ಕಳಿಸುತ್ತೇನೆ.
>
> ಬಿಲ್‌ನ ಪ್ರತಿ ಮತ್ತು ಪಿಒ ಅಡಕವಾಗಿವೆ. ಈಗಾಗಲೇ ಪಾವತಿಯಾಗಿದ್ದರೆ ಯುಟಿಆರ್ ಸಂಖ್ಯೆ ಕಳಿಸಿದರೆ ಸಾಕು.
>
> ವಂದನೆಗಳೊಂದಿಗೆ,
> (ಹೆಸರು, ಫೋನ್)

ಏಜೆನ್ಸಿ ಪುಣೆಯದೋ ದೆಹಲಿಯದೋ ಆಗಿದ್ದರೆ ಇದನ್ನು ಇಂಗ್ಲಿಷಿಗೆ ಅನುವಾದಿಸಿಕೊಳ್ಳಿ. ಆ ಕೆಲಸವನ್ನು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. "ಕೈಂಡ್ಲಿ ಡೂ ದ ನೀಡ್‌ಫುಲ್" ಎಂಬುದನ್ನು ಮಾತ್ರ ಸೇರಿಸಬೇಡಿ. ಅದು ಏನನ್ನೂ ಕೇಳುವುದಿಲ್ಲ.

ಪತ್ರದ ಕರ್ತೃಪದ ನೋಡಿ. "ನೀವು ಹಣ ಪಾವತಿಸಿಲ್ಲ" ಎಂದಿಲ್ಲ, "ಹಣ ನನ್ನ ಖಾತೆಗೆ ಬಂದಿಲ್ಲ" ಎಂದಿದೆ. ಮೊದಲನೆಯದು ಆರೋಪ, ಅದೂ ನಿಮಗೆ ಖಚಿತವಾಗಿ ಗೊತ್ತಿರದ ಆರೋಪ. ಅವರು ಕಳಿಸಿ, ಬ್ಯಾಂಕಿನಲ್ಲಿ ವಾಪಸಾಗಿರಬಹುದು. ಎರಡನೆಯದು ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಕಣ್ಣಿಗೆ ಕಾಣುವ ಸಂಗತಿ. ವಿನಯವೂ ನಿಖರತೆಯೂ ಒಂದೇ ವಾಕ್ಯದಲ್ಲಿ ಕೂಡುವ ಇಂಥ ಅನುಕೂಲ ಕನ್ನಡದಲ್ಲಿ ಸುಲಭವಾಗಿ ಸಿಗುತ್ತದೆ, ಬಳಸಿಕೊಳ್ಳಿ.

"ಆದಷ್ಟು ಬೇಗ" ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ಆದಷ್ಟು ಎಂದರೆ ಅವರಿಗೆ ಆದಷ್ಟು; ಅಕ್ಟೋಬರ್ ಕೂಡ ಅದರೊಳಗೆ ಹಿಡಿಸುತ್ತದೆ. ಅದರ ಬದಲು ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ ಇದೆ, ಪ್ರಶ್ನೆಯಲ್ಲೇ ದಿನಾಂಕ ಇದೆ. ಇಲ್ಲ ಎಂದರೂ ಯಾಕೆ, ಯಾವಾಗ ಎಂದು ಅವರು ಹೇಳಲೇಬೇಕಾಗುತ್ತದೆ.

ಮನೆ ಬಾಡಿಗೆ, ಮಗಳ ಶಾಲೆಯ ಶುಲ್ಕ, ಅಮ್ಮನ ಔಷಧಿ ಇವುಗಳ ಪ್ರಸ್ತಾಪವೂ ಇಲ್ಲ. ಕಷ್ಟ ಸುಳ್ಳೆಂದಲ್ಲ. ಕಷ್ಟ ಹೇಳಿಕೊಂಡ ಕೂಡಲೇ ಬಿಲ್ ಬೇಡಿಕೆಯಾಗಿ ಬದಲಾಗುತ್ತದೆ, ಕೊಡುವುದು ಅವರ ಔದಾರ್ಯ ಎಂಬಂತಾಗುತ್ತದೆ. "ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ" ಎಂಬುದನ್ನೂ ಇದೇ ಕಾರಣಕ್ಕೆ ತೆಗೆದುಹಾಕಿ. ಮುಂದಿನ ಕೆಲಸದ ಮಾತನ್ನೂ ಈ ಪತ್ರದಲ್ಲಿ ಎತ್ತಬೇಡಿ. ಮ್ಯಾನೇಜರ್ ಕೆಲಸದ ಭಾಗಕ್ಕೆ ಮಾತ್ರ ಉತ್ತರಿಸಿ ಹಣದ ಭಾಗವನ್ನು ಜಾಣತನದಿಂದ ಮರೆಯುತ್ತಾರೆ.

## ಹಂತ 6: ಎರಡನೆಯ ಪತ್ರ

ಆಗಸ್ಟ್ 10 ಕಳೆಯಿತು, ಹಣವೂ ಇಲ್ಲ, ಉತ್ತರವೂ ಇಲ್ಲ. ಮಾರನೆಯ ದಿನವೇ ಬರೆಯಬೇಡಿ, ಜಮೆಗೆ ಎರಡು ಮೂರು ದಿನ ಹಿಡಿಯಬಹುದು. ಆಗಸ್ಟ್ 13ರಂದು ಬರೆಯಿರಿ. ಅದಕ್ಕೂ ಮೊದಲು ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯನ್ನು ತೋರಿಸುವ ಫಾರ್ಮ್ 26ಎಎಸ್ ತೆರೆದು ನೋಡಿ. ಇದು ಹೆಚ್ಚಿನ ಅನುವಾದಕರು ವರ್ಷಕ್ಕೊಮ್ಮೆ ಮಾತ್ರ ನೋಡುವ ಪುಟ, ಆದರೆ ಬಾಕಿ ವಸೂಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಕಾರಣ ಇಷ್ಟೇ. ಬಿಲ್ಲನ್ನು ಪುಸ್ತಕಕ್ಕೆ ಸೇರಿಸಿದಾಗ ಅಥವಾ ಹಣ ಕೊಟ್ಟಾಗ, ಯಾವುದು ಮೊದಲೋ ಆಗ ಟಿಡಿಎಸ್ ಕಡಿತವಾಗಬೇಕು. ಏಜೆನ್ಸಿ ಜೂನ್‌ನಲ್ಲೇ ಬಿಲ್ ಸೇರಿಸಿದ್ದರೆ, ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರಪಟ್ಟಿಯನ್ನು ಜುಲೈ 31ರೊಳಗೆ ಸಲ್ಲಿಸಬೇಕು. ಹಾಗಾಗಿ ಆಗಸ್ಟ್ ಮಧ್ಯದ ಹೊತ್ತಿಗೆ 28,000ದ ನಮೂದು ನಿಮ್ಮ 26ಎಎಸ್‌ನಲ್ಲಿ ಕಾಣಿಸಬಹುದು. ಕಂಡರೆ ಬಿಲ್ ಅವರಿಗೆ ತಲುಪಿದೆ, ಒಪ್ಪಿಗೆಯಾಗಿದೆ, ಕೊಡುವುದಷ್ಟೇ ಬಾಕಿ ಎಂದು ತಿಳಿಯಿತು. ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ, ವಿವರಪಟ್ಟಿ ತಡವಾಗಿರಬಹುದು. ನಮೂದು ಕಂಡಿದ್ದರೆ ಪತ್ರ ಹೀಗಿರಲಿ, ಕಾಣದಿದ್ದರೆ ಟಿಡಿಎಸ್‌ನ ವಾಕ್ಯವನ್ನು ಬಿಡಿ:

> ನಮಸ್ಕಾರ,
>
> ಆಗಸ್ಟ್ 6ರ ನನ್ನ ಪತ್ರದ ಮುಂದುವರಿಕೆ ಇದು. ಆಗಸ್ಟ್ 10ರ ಪಾವತಿಯಲ್ಲೂ ಬಿಲ್ 14ರ ಹಣ ಬಂದಿಲ್ಲ. ಈ ಬಿಲ್‌ನ ಟಿಡಿಎಸ್ ನನ್ನ ಫಾರ್ಮ್ 26ಎಎಸ್‌ನಲ್ಲಿ ನಮೂದಾಗಿರುವುದರಿಂದ ಬಿಲ್ ತಮ್ಮ ಪುಸ್ತಕದಲ್ಲಿ ಸೇರಿದೆ ಎಂದು ತಿಳಿದಿದ್ದೇನೆ. ಆಗಸ್ಟ್ 25ರ ಪಾವತಿಯಲ್ಲಿ ಇದು ಬರುವುದೆಂದು ಆಗಸ್ಟ್ 18ರೊಳಗೆ ಖಚಿತಪಡಿಸಬೇಕಾಗಿ ಕೋರಿಕೆ. 19ರಂದು ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ.

ಕೊನೆಯ ಸಾಲನ್ನು ಬರೆದ ಮೇಲೆ 19ರಂದು ಬೆಳಿಗ್ಗೆ ಫೋನ್ ಮಾಡಲೇಬೇಕು. ಮಾಡದಿದ್ದರೆ ನಿಮ್ಮ ದಿನಾಂಕಗಳಿಗೂ ಅವರ ದಿನಾಂಕಗಳಷ್ಟೇ ಬೆಲೆ. ಫೋನಿನಲ್ಲಿ ಕೇಳಿದ ಮಾತನ್ನು ಅಂದೇ ಎರಡು ಸಾಲಿನ ಇಮೇಲ್ ಆಗಿ ಬರೆದು ಕಳಿಸಿ: "ಇಂದು ಮಾತನಾಡಿದಂತೆ 25ರ ಪಾವತಿಯಲ್ಲಿ ಬರುತ್ತದೆ ಎಂದು ತಿಳಿಸಿದ್ದೀರಿ, ಧನ್ಯವಾದ."

## ಹಂತ 7: ಬರುವ ಉತ್ತರಗಳು ಮತ್ತು ಅಪಾಯದ ಲಕ್ಷಣಗಳು

"ನಮ್ಮ ಗ್ರಾಹಕರಿಂದಲೇ ಹಣ ಬಂದಿಲ್ಲ" ಎಂಬುದು ಹಳೆಯ ಉತ್ತರ. ಒಪ್ಪಂದದಲ್ಲಿ ಹಾಗೊಂದು ಷರತ್ತು ಇದೆಯೇ ನೋಡಿ. ಇಲ್ಲದಿದ್ದರೆ "ತಮ್ಮ ಪರಿಸ್ಥಿತಿ ಅರ್ಥವಾಗುತ್ತದೆ. ನಮ್ಮ ಒಪ್ಪಂದದ ಗಡುವು ಗ್ರಾಹಕರ ಪಾವತಿಗೆ ಹೊಂದಿಕೊಂಡಿಲ್ಲವಾದ್ದರಿಂದ, ಪಾವತಿಯ ದಿನಾಂಕ ತಿಳಿಸಿ" ಎಂದಷ್ಟೇ ಬರೆಯಿರಿ.

"ಇಂದಿನ ದಿನಾಂಕ ಹಾಕಿ ಹೊಸ ಬಿಲ್ ಕಳಿಸಿ" ಎಂದರೆ ಎಚ್ಚರ. ಕೇಳಲು ಸಣ್ಣ ಮಾತು, ಆದರೆ ಆಗಸ್ಟ್‌ನ ದಿನಾಂಕ ಹಾಕಿದ ಕೂಡಲೇ ಗಡುವು ಸೆಪ್ಟೆಂಬರ್ 30ಕ್ಕೆ ಓಡುತ್ತದೆ. ಹಳೆಯ ಸಂಖ್ಯೆ, ಹಳೆಯ ದಿನಾಂಕದ ಪ್ರತಿಯನ್ನೇ ಕಳಿಸಿ. ಸಂಸ್ಥೆಯ ಹೆಸರಿನಂಥ ನಿಜವಾದ ತಪ್ಪು ಇದ್ದು ಬಿಲ್ ಬದಲಿಸಲೇಬೇಕಾದರೆ, "ಗಡುವು ಜುಲೈ 30 ಎಂದೇ ಉಳಿಯುತ್ತದೆ" ಎಂಬ ಸಾಲಿಗೆ ಅವರ ಒಪ್ಪಿಗೆಯನ್ನು ಇಮೇಲ್‌ನಲ್ಲಿ ಪಡೆದು ಆಮೇಲೆ ಬದಲಿಸಿ.

ಜ್ಞಾಪನೆ ಹೋದ ಮೇಲೆ ಮೊದಲ ಸಲ ಗುಣಮಟ್ಟದ ದೂರು ಬಂದರೆ, ಅದು ಅನುವಾದದ ದೂರಾಗಿರುವ ಸಾಧ್ಯತೆ ಕಡಿಮೆ. ಯಾವ ವಾಕ್ಯ, ಯಾವ ತಪ್ಪು ಎಂದು ಪಟ್ಟಿ ಕೇಳಿ. ಎಂಎಸ್‌ಎಂಇ ಕಾಯ್ದೆ ಲಿಖಿತ ಆಕ್ಷೇಪಣೆಗೆ ಕೆಲಸ ಒಪ್ಪಿಸಿದ ದಿನದಿಂದ 15 ದಿನಗಳನ್ನಷ್ಟೇ ಗಣನೆಗೆ ತೆಗೆದುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಜೂನ್ 18ಕ್ಕೇ ಮುಗಿದಿದೆ.

ಎಲ್ಲಕ್ಕಿಂತ ಕೆಟ್ಟ ಲಕ್ಷಣ ಸಿಹಿಯಾಗಿರುತ್ತದೆ: ಹಳೆಯ ಬಾಕಿ ಹಾಗೇ ಇರುವಾಗ ಇನ್ನೂ ದೊಡ್ಡ ಕೆಲಸ ಬರುತ್ತದೆ. "ಬಿಲ್ 14 ಇತ್ಯರ್ಥವಾದ ದಿನ ಶುರುಮಾಡುತ್ತೇನೆ" ಎನ್ನಿ. ಹಣ ಕೊಡುವ ಉದ್ದೇಶ ಇದ್ದವರಿಗೆ ಇದು ಒರಟಾಗಿ ಕೇಳಿಸುವುದಿಲ್ಲ.

## ಹಂತ 8: ಕಾನೂನಿನ ಸಾಲು ಯಾವಾಗ

25ರ ಪಾವತಿಯೂ ತಪ್ಪಿದರೆ ಮೂರನೆಯ ಪತ್ರ, ಆಗಸ್ಟ್ 28ರಂದು. ಈಗ ನಿರ್ದೇಶಕರಿಗೂ ಪ್ರತಿ ಕಳಿಸಬಹುದು. ಪೆನ್ಸಿಲ್‌ನಲ್ಲಿ ಬರೆದಿಟ್ಟ ಜುಲೈ 18 ಈಗ ಹೊರಗೆ ಬರುತ್ತದೆ. ನಿಮ್ಮ ಉದ್ಯಮ್ ಸಂಖ್ಯೆ ಬರೆದು, ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ ಗಡುವು ಅಂದೇ ಮುಗಿದಿದೆ, 16ನೆಯ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ ಅನ್ವಯಿಸುತ್ತದೆ ಎಂದು ಎರಡು ವಾಕ್ಯಗಳಲ್ಲಿ ತಿಳಿಸಿ. ಹತ್ತು ದಿನಗಳೊಳಗೆ ಇತ್ಯರ್ಥವಾಗದಿದ್ದರೆ 18ನೆಯ ಸೆಕ್ಷನ್‌ನಡಿ ಕಿರು ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಅರ್ಜಿ ಹಾಕುವೆನೆಂದು ಬರೆಯಿರಿ. ಧ್ವನಿ ಮೊದಲ ಪತ್ರದಷ್ಟೇ ತಣ್ಣಗಿರಲಿ.

ಬಡ್ಡಿಗಿಂತ ಹೆಚ್ಚು ಕೆಲಸ ಮಾಡುವ ಸಂಗತಿ ಇನ್ನೊಂದಿದೆ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಕಾನೂನಿನ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವ ವರ್ಷದವರೆಗೆ ವೆಚ್ಚವೆಂದು ತೋರಿಸಿ ತೆರಿಗೆ ಉಳಿಸಲು ಏಜೆನ್ಸಿಗೆ ಬರುವುದಿಲ್ಲ. ಈ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಮಾಲೀಕರಿಗೆ ಗೊತ್ತಿರದಿದ್ದರೂ ಅವರ ಲೆಕ್ಕಪರಿಶೋಧಕರಿಗೆ ಗೊತ್ತಿರುತ್ತದೆ, ವಿಶೇಷವಾಗಿ ಮಾರ್ಚ್ ಹತ್ತಿರವಾದಾಗ.

ಮಿತಿಯೂ ಇದೆ. ಕೆಲಸ ಮುಗಿದ ಮೇಲೆ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಹಿಂದಿನ ಬಿಲ್‌ಗೆ ಈ ಬಲ ನಿಲ್ಲುವುದು ಕಷ್ಟ. ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಶುಲ್ಕ ಕೇಳುವ ಪುಟ ಕಂಡರೆ ಅದು ಸರ್ಕಾರದ್ದಲ್ಲ. ವಿದೇಶದ ಏಜೆನ್ಸಿಗಳ ಮೇಲೆ ಈ ಕಾಯ್ದೆಯನ್ನು ನೆಚ್ಚಿಕೊಳ್ಳಬೇಡಿ.

## ಹಣ ಬಂದ ದಿನ

25,200 ಬಂತೇ ನೋಡಿ, ಅದೇ ಇಮೇಲ್ ಸರಣಿಯಲ್ಲಿ "ಬಿಲ್ 14ರ ಹಣ ತಲುಪಿದೆ, ಧನ್ಯವಾದ" ಎಂದು ಬರೆದು ಮುಗಿಸಿ. ಮೂರನೆಯ ಪತ್ರದವರೆಗೆ ಹೋಗಿದ್ದರೂ ಇದನ್ನು ಬರೆಯಿರಿ, ಹಳೆಯ ತಡದ ಬಗ್ಗೆ ಟಿಪ್ಪಣಿ ಬೇಡ. ಆಮೇಲೆ ನಿಮ್ಮ ಬಿಲ್ ನಮೂನೆ ತೆರೆದು, ಪಿಒ ಸಂಖ್ಯೆಯ ಕೆಳಗೆ ಎರಡು ಸಾಲು ಸೇರಿಸಿ: ಒಂದು ಉದ್ಯಮ್ ಸಂಖ್ಯೆ, ಇನ್ನೊಂದು "ಪಾವತಿಯ ಗಡುವು" ಎಂದು ಬರೆದು ಮುಂದೆ ಪೂರ್ತಿ ದಿನಾಂಕ.